ಲೇಯರ್ 2 ಎಲ್ಲಿ ಮುಗಿಯಬೇಕು? ಕ್ಯಾಂಪಸ್ ನೆಟ್‌ವರ್ಕಿನ ಮೂರು ಸ್ತರಗಳ ಕುರಿತು

ಎಲ್ಲರಿಗೂ ನಮಸ್ಕಾರ. ಕೋರ್, ಡಿಸ್ಟ್ರಿಬ್ಯೂಷನ್, ಆಕ್ಸೆಸ್ ಎಂದು ಮೂರು ಸಾಲುಗಳಲ್ಲಿ ಸ್ವಿಚ್‌ಗಳನ್ನು ಜೋಡಿಸಿದ ಚಿತ್ರವನ್ನು ಇಲ್ಲಿರುವ ಬಹುತೇಕರು ನೋಡಿಯೇ ಇರುತ್ತೀರಿ. ಚಿತ್ರ ಸರಳವಾಗಿದೆ. ಆದರೆ ಆ ಗೆರೆಗಳಲ್ಲಿ ಯಾವುದರ ಮೇಲೆ ಈಥರ್ನೆಟ್ ಫ್ರೇಮು ಹಾಗೆಯೇ ದಾಟಿ ಹೋಗುತ್ತದೆ, ಯಾವುದರ ಮುಂದೆ ಅದು ನಿಂತು ಐಪಿ ಪ್ಯಾಕೆಟ್ ಮಾತ್ರ ಮುಂದುವರಿಯುತ್ತದೆ ಎಂಬುದನ್ನು ಚಿತ್ರ ಹೇಳುವುದಿಲ್ಲ. ಇಂದಿನ ಮಾತೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ, ಏಕೆಂದರೆ ಮೂರು ಸ್ತರಗಳ ವಿನ್ಯಾಸದಿಂದ ಸಿಗುವ ಲಾಭದ ಬಹುಪಾಲು ಲೇಯರ್ 2, ಅಂದರೆ ಆ ಫ್ರೇಮು ಹಾಗೆಯೇ ಹರಿಯುವ ಭಾಗ, ಎಲ್ಲಿ ಮುಗಿಯುತ್ತದೆ ಎಂಬ ನಿರ್ಧಾರದಿಂದಲೇ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಫ್ಲ್ಯಾಟ್ ನೆಟ್‌ವರ್ಕ್ ಎಂದರೆ ಎಲ್ಲ ಕಂಪ್ಯೂಟರುಗಳೂ ಪ್ರಿಂಟರುಗಳೂ ಫೋನುಗಳೂ ಒಂದೇ ಬ್ರಾಡ್‌ಕಾಸ್ಟ್ ಡೊಮೇನಿನಲ್ಲಿ, ಒಂದೇ ಸಬ್‌ನೆಟ್ಟಿನಲ್ಲಿ ಕುಳಿತಿರುವ ಜಾಲ. ಇಂಥ ಜಾಲವನ್ನು ಯಾರೂ ಕುಳಿತು ವಿನ್ಯಾಸ ಮಾಡಿರುವುದಿಲ್ಲ. ಅದು ತಾನಾಗಿ ಬೆಳೆದಿರುತ್ತದೆ. ಮೊದಲು ಒಂದು ಕಟ್ಟಡಕ್ಕೆ ಎರಡು ಸ್ವಿಚ್ ಬರುತ್ತವೆ, ಪಕ್ಕದ ಕಟ್ಟಡ ಎದ್ದಾಗ ಅಲ್ಲಿಗೊಂದು ಫೈಬರ್ ಎಳೆಯುತ್ತಾರೆ, ಅದರಿಂದ ಮುಂದಿನ ಕಟ್ಟಡಕ್ಕೆ ಇನ್ನೊಂದು. ಪ್ರತಿ ಹೆಜ್ಜೆಯೂ ಆ ಹೊತ್ತಿಗೆ ಸರಿಯೆಂದೇ ಕಾಣುತ್ತದೆ, ಕೇಬಲ್ ಚುಚ್ಚಿದ ಕೂಡಲೇ ಎಲ್ಲವೂ ಕೆಲಸ ಮಾಡುತ್ತದೆ, ಸಬ್‌ನೆಟ್ ಮಾಸ್ಕನ್ನು ಒಂದೆರಡು ಬಿಟ್ ಸಡಿಲಿಸಿದರೆ ಇನ್ನಷ್ಟು ವಿಳಾಸಗಳೂ ಸಿಗುತ್ತವೆ.

ಇದು ಏಕೆ ಹೆಚ್ಚು ದಿನ ನಡೆಯುವುದಿಲ್ಲ ಎಂಬುದಕ್ಕೆ ಸಾಮಾನ್ಯವಾಗಿ ಮೊದಲು ಕೊಡುವ ಕಾರಣ ಬ್ರಾಡ್‌ಕಾಸ್ಟ್. ಒಂದು ಯಂತ್ರ ಎಆರ್‌ಪಿ ಮೂಲಕ "ಈ ಐಪಿ ಯಾರದು?" ಎಂದು ಕೇಳಿದಾಗ ಆ ಪ್ರಶ್ನೆ ಡೊಮೇನಿನ ಪ್ರತಿ ಯಂತ್ರಕ್ಕೂ ತಲುಪುತ್ತದೆ, ಪ್ರತಿಯೊಂದೂ ಅದನ್ನು ತೆಗೆದು ಓದಿ ತನ್ನದಲ್ಲವೆಂದು ಬಿಸಾಡಬೇಕು. ಪ್ರತಿ ಯಂತ್ರವೂ ಸರಾಸರಿ ಹತ್ತು ಸೆಕೆಂಡಿಗೊಂದು ಬ್ರಾಡ್‌ಕಾಸ್ಟ್ ಕಳಿಸುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 200 ಯಂತ್ರಗಳಿದ್ದರೆ ಒಬ್ಬೊಬ್ಬರಿಗೂ ಸೆಕೆಂಡಿಗೆ 20 ಬರುತ್ತವೆ, ಒಟ್ಟು ವಿತರಣೆ 4,000. 4,000 ಯಂತ್ರಗಳಿದ್ದರೆ ಒಬ್ಬೊಬ್ಬರಿಗೂ 400 ಬರುತ್ತವೆ, ಒಟ್ಟು ವಿತರಣೆ 16 ಲಕ್ಷ. ಯಂತ್ರಗಳು ಇಪ್ಪತ್ತು ಪಟ್ಟು ಹೆಚ್ಚಿದರೆ ಕೆಲಸ ನಾನೂರು ಪಟ್ಟು ಹೆಚ್ಚುತ್ತದೆ. ಅದೇ 4,000 ಯಂತ್ರಗಳನ್ನು 200ರ ಇಪ್ಪತ್ತು ಗುಂಪುಗಳಾಗಿ ಒಡೆದರೆ ಒಟ್ಟು ವಿತರಣೆ 80,000ಕ್ಕೆ ಇಳಿಯುತ್ತದೆ.

ಆದರೂ ತಂತಿಯ ಜಾಲದಲ್ಲಿ ಇಂದಿನ ಕಂಪ್ಯೂಟರಿಗೆ ಸೆಕೆಂಡಿಗೆ 400 ಸಣ್ಣ ಫ್ರೇಮುಗಳು ದೊಡ್ಡ ಹೊರೆಯೇನಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹೊರೆ ತಟ್ಟುವುದು ವೈಫೈನಲ್ಲಿ. ಅಲ್ಲಿ ಬ್ರಾಡ್‌ಕಾಸ್ಟ್ ಫ್ರೇಮು ದೂರದ, ದುರ್ಬಲ ಸಿಗ್ನಲ್ಲಿನ ಸಾಧನಕ್ಕೂ ಕೇಳಿಸಬೇಕಾದ್ದರಿಂದ ಅದನ್ನು ಕಡಿಮೆ ವೇಗದಲ್ಲಿ ಕಳಿಸಲಾಗುತ್ತದೆ. ಆ ವೇಗ 1 ಮೆಗಾಬಿಟ್‌ನಲ್ಲೇ ಉಳಿದಿದ್ದರೆ ಒಂದು ಎಆರ್‌ಪಿ ಪ್ರಶ್ನೆಗೆ ಸುಮಾರು ಮುಕ್ಕಾಲು ಮಿಲಿಸೆಕೆಂಡ್ ಗಾಳಿಯ ಸಮಯ ಬೇಕು. ಸೆಕೆಂಡಿಗೆ 400 ಎಂದರೆ, ಯಾರೂ ಏನನ್ನೂ ಡೌನ್‌ಲೋಡ್ ಮಾಡುವ ಮೊದಲೇ, ಆ ಆಕ್ಸೆಸ್ ಪಾಯಿಂಟಿನ ಚಾನೆಲ್ಲಿನ ಕಾಲು ಭಾಗಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ. ಕನಿಷ್ಠ ವೇಗವನ್ನು ಏರಿಸುವುದು, ಎಆರ್‌ಪಿಗೆ ಕಂಟ್ರೋಲರೇ ಉತ್ತರಿಸುವಂತೆ ಮಾಡುವುದು ಇತ್ಯಾದಿ ಉಪಾಯಗಳಿವೆ. ಆದರೆ ಅವು ಲಕ್ಷಣಕ್ಕೆ ಕೊಡುವ ಮದ್ದು.

ಫ್ಲ್ಯಾಟ್ ನೆಟ್‌ವರ್ಕಿನ ನಿಜವಾದ ರೋಗ ಬೇರೆಯೇ ಇದೆ. ಐಪಿ ಪ್ಯಾಕೆಟ್ಟಿನಲ್ಲಿ ಟಿಟಿಎಲ್ ಎಂಬ ಎಣಿಕೆ ಇರುತ್ತದೆ. ಪ್ರತಿ ರೌಟರ್ ದಾಟುವಾಗ ಅದು ಒಂದೊಂದೇ ಇಳಿದು, ಸೊನ್ನೆಯಾದಾಗ ಪ್ಯಾಕೆಟ್ ಸಾಯುತ್ತದೆ. ಈಥರ್ನೆಟ್ ಫ್ರೇಮಿನಲ್ಲಿ ಅಂಥದ್ದು ಯಾವುದೂ ಇಲ್ಲ. ಸ್ವಿಚ್‌ಗಳ ನಡುವೆ ಒಂದು ಲೂಪ್ ಉಂಟಾದರೆ, ಅದರೊಳಗೆ ಸಿಕ್ಕ ಬ್ರಾಡ್‌ಕಾಸ್ಟ್ ಫ್ರೇಮು ಯಾರಾದರೂ ಕೇಬಲ್ ಕೀಳುವ ತನಕ ಸುತ್ತುತ್ತಲೇ ಇರುತ್ತದೆ, ಪ್ರತಿ ಸುತ್ತಿನಲ್ಲೂ ತನ್ನ ಪ್ರತಿಗಳನ್ನು ಉಳಿದೆಲ್ಲ ಪೋರ್ಟುಗಳಿಗೂ ಚೆಲ್ಲುತ್ತಿರುತ್ತದೆ. 1 ಗಿಗಾಬಿಟ್ ಲಿಂಕ್ ಅತಿ ಸಣ್ಣ ಫ್ರೇಮುಗಳಿಂದ ತುಂಬಿದರೆ ಸೆಕೆಂಡಿಗೆ ಸುಮಾರು 14.88 ಲಕ್ಷ ಫ್ರೇಮುಗಳು ಹರಿಯುತ್ತವೆ. ಮೊದಲಿನ 400 ಎಲ್ಲಿ, ಈ ಸಂಖ್ಯೆ ಎಲ್ಲಿ! ಫ್ಲ್ಯಾಟ್ ನೆಟ್‌ವರ್ಕಿನಲ್ಲಿ ಈ ಬಿರುಗಾಳಿ ಡೊಮೇನಿನ ಪ್ರತಿ ಯಂತ್ರಕ್ಕೂ ಒಟ್ಟಿಗೇ ಬಡಿಯುತ್ತದೆ. ಎಲ್ಲೋ ಒಂದು ಸಭಾಕೊಠಡಿಯಲ್ಲಿ ಒಬ್ಬರು ಪ್ಯಾಚ್ ಕೇಬಲ್ಲಿನ ಎರಡೂ ತುದಿಗಳನ್ನು ಒಂದೇ ಪುಟ್ಟ ಸ್ವಿಚ್ಚಿಗೆ ಚುಚ್ಚಿದರೆ ಸಾಕು, ಕ್ಯಾಂಪಸ್ಸಿನ ಎಲ್ಲ ಕಟ್ಟಡಗಳೂ ಕೂಡಲೇ ನಿಲ್ಲುತ್ತವೆ.

ಲೂಪನ್ನು ತಡೆಯಲೆಂದೇ ಸ್ಪ್ಯಾನಿಂಗ್ ಟ್ರೀ ಇದೆ. ರೇಡಿಯಾ ಪರ್ಲ್‌ಮನ್ ಅವರು 1985ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದಾಗ ರೂಪಿಸಿದ ಈ ಕ್ರಮ ಒಂದು ಸ್ವಿಚ್ಚನ್ನು ಬೇರು, ಅಂದರೆ ರೂಟ್, ಎಂದು ಆರಿಸಿ, ಅಲ್ಲಿಂದ ಮರದಂತೆ ಹರಡಿ, ಮರಕ್ಕೆ ಬೇಡವಾದ ಲಿಂಕುಗಳನ್ನು ತಡೆಹಿಡಿಯುತ್ತದೆ. ಅದು ಚೆಂದದ ಕ್ರಮವೇ, ಆದರೆ ಅದಕ್ಕೊಂದು ಅಳತೆಯಿದೆ. ಅದರ ಮೂಲ ಕಾಲಮಿತಿಗಳನ್ನು ಜಾಲದ ಎರಡು ತುದಿಗಳ ನಡುವೆ ಏಳಕ್ಕಿಂತ ಹೆಚ್ಚು ಸ್ವಿಚ್ ಇರುವುದಿಲ್ಲ ಎಂಬ ಲೆಕ್ಕದಲ್ಲಿ ಇಡಲಾಗಿದೆ. ಹಳೆಯ ರೂಪದಲ್ಲಿ ಒಂದು ಲಿಂಕ್ ಹೋದರೆ ದಾರಿ ಬದಲಾಗಲು 30ರಿಂದ 50 ಸೆಕೆಂಡ್ ಹಿಡಿಯುತ್ತದೆ; 2001ರಲ್ಲಿ ಬಂದ ವೇಗದ ರೂಪ ಅದನ್ನು ಬಹಳಷ್ಟು ತಗ್ಗಿಸಿತು. ಇನ್ನೊಂದು ಸೂಕ್ಷ್ಮವಿದೆ. ಆದ್ಯತೆಯ ಸಂಖ್ಯೆಯನ್ನು ಯಾರೂ ಬದಲಿಸದಿದ್ದರೆ ಎಲ್ಲ ಸ್ವಿಚ್‌ಗಳಲ್ಲೂ ಅದು 32768 ಆಗಿಯೇ ಇರುತ್ತದೆ, ಆಗ ಅತಿ ಸಣ್ಣ ಮ್ಯಾಕ್ ವಿಳಾಸದ ಸ್ವಿಚ್ಚೇ ಬೇರು ಸ್ವಿಚ್ಚಾಗುತ್ತದೆ. ಒಂದೇ ತಯಾರಕರ ಸಾಧನಗಳಲ್ಲಿ ಸಣ್ಣ ವಿಳಾಸ ಬಹುಪಾಲು ಹಳೆಯ ಸಾಧನಕ್ಕೆ ಸೇರಿರುತ್ತದೆ. ಹೀಗಾಗಿ ಕ್ಯಾಂಪಸ್ಸಿನ ಎಲ್ಲ ದಾರಿಗಳೂ ಯಾವುದೋ ಮೂಲೆಯ ಅತಿ ಹಳೆಯ, ಅತಿ ನಿಧಾನದ ಪೆಟ್ಟಿಗೆಯ ಕಡೆಗೆ ಬಾಗಿರುವುದು ಅಪರೂಪದ ಸಂಗತಿಯಲ್ಲ.

2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರದಲ್ಲಿ ನಡೆದದ್ದು ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ಪ್ರಕರಣ. ವರ್ಷಗಳ ಕಾಲ ತುಂಡುತುಂಡಾಗಿ ಬೆಳೆದಿದ್ದ ಅಲ್ಲಿನ ಸ್ವಿಚ್ಡ್ ಜಾಲ ಸ್ಪ್ಯಾನಿಂಗ್ ಟ್ರೀಯ ಅಳತೆಯನ್ನು ಮೀರಿತ್ತು. ಸಂಚಾರ ಒಮ್ಮೆಲೇ ಏರಿದಾಗ ಸ್ವಿಚ್‌ಗಳ ನಡುವಿನ ಸಂದೇಶಗಳು ಹೊತ್ತಿಗೆ ಸರಿಯಾಗಿ ತಲುಪದೆ, ಮುಚ್ಚಿರಬೇಕಾದ ಲಿಂಕುಗಳು ತೆರೆದುಕೊಂಡು ಲೂಪುಗಳಾದವು. ಆಸ್ಪತ್ರೆ ಹಲವು ದಿನ ಕಾಗದದ ಮೇಲೆ ನಡೆಯಿತು, ಜಾಲವನ್ನು ಮರುವಿನ್ಯಾಸ ಮಾಡಬೇಕಾಯಿತು. ಅಲ್ಲಿನವರು ಏನಾಯಿತೆಂಬುದನ್ನು ಮುಚ್ಚಿಡದೆ ಹಂಚಿಕೊಂಡದ್ದು ಈ ಕ್ಷೇತ್ರಕ್ಕೆ ದೊಡ್ಡ ಉಪಕಾರ.

ಈ ಹಂತದಲ್ಲಿ ಸಭಿಕರೊಬ್ಬರು ಒಂದು ಪ್ರಶ್ನೆ ಕೇಳಿದರು: "ಹಾಗಾದರೆ ವಿಲ್ಯಾನ್ ಮಾಡಿದರೆ ಆಯಿತಲ್ಲವೇ ಸರ್?" ಇದು ಎಲ್ಲ ಕಡೆಯೂ ಬರುವ ಪ್ರಶ್ನೆ, ಉತ್ತರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿಲ್ಯಾನ್ ಎಂದರೆ ಅವೇ ಸ್ವಿಚ್‌ಗಳ ಮೇಲೆ ಬೇರೆ ಬೇರೆ ಬ್ರಾಡ್‌ಕಾಸ್ಟ್ ಡೊಮೇನುಗಳನ್ನು ಮಾಡುವ ವಿಧಾನ. ವಿಭಾಗಕ್ಕೊಂದು ವಿಲ್ಯಾನ್ ಮಾಡಿ, ಆ ಎಲ್ಲ ವಿಲ್ಯಾನ್‌ಗಳನ್ನೂ ಎಲ್ಲ ಕಟ್ಟಡಗಳ ಟ್ರಂಕುಗಳ ಮೇಲೆ ಹರಿಯಬಿಟ್ಟರೆ ಬ್ರಾಡ್‌ಕಾಸ್ಟಿನ ಲೆಕ್ಕವೇನೋ ಸುಧಾರಿಸುತ್ತದೆ. ಆದರೆ 10ನೇ ವಿಲ್ಯಾನಿನಲ್ಲಿ ಎದ್ದ ಬಿರುಗಾಳಿ ಹಿಡಿಯುವ ಫೈಬರ್ ಲಿಂಕು 20ನೇ ವಿಲ್ಯಾನ್ ಬಳಸುವ ಅದೇ ಲಿಂಕು. ಅದು ಬಳಲಿಸುವ ಸಿಪಿಯು ಕೂಡ ಅದೇ ಸ್ವಿಚ್ಚಿನದು. ವಿಲ್ಯಾನ್‌ಗಳು ಬೇರೆಯಾದವು, ಅವು ಒಟ್ಟಿಗೆ ಬೀಳುವುದು ಮಾತ್ರ ತಪ್ಪಲಿಲ್ಲ. ಕಾಗದದ ಮೇಲೆ ಹತ್ತಾರು ಸಬ್‌ನೆಟ್‌ಗಳಿದ್ದರೂ ಅಂಥ ಜಾಲವನ್ನು ನಾನು ಫ್ಲ್ಯಾಟ್ ಎಂದೇ ಕರೆಯುತ್ತೇನೆ. ವಿಲ್ಯಾನ್ ಎಷ್ಟಿವೆ ಎಂದು ಕೇಳುವ ಬದಲು ಒಂದು ವಿಲ್ಯಾನ್ ಎಷ್ಟು ದೂರ ಚಾಚಿದೆ ಎಂದು ಕೇಳಬೇಕು.

ಈಗ ಮೂರು ಸ್ತರಗಳಿಗೆ ಬರೋಣ. ಒಂದು ಕ್ಯಾಂಪಸ್ಸನ್ನು ಕಲ್ಪಿಸಿಕೊಳ್ಳಿ: ಎಂಟು ಕಟ್ಟಡಗಳು, ಒಂದೊಂದರಲ್ಲಿ ನಾಲ್ಕು ಮಹಡಿ, ಮಹಡಿಗೊಂದು ವೈರಿಂಗ್ ಕೋಣೆ, ಒಟ್ಟು ಸುಮಾರು 4,000 ಯಂತ್ರಗಳು. ಮಹಡಿಯ ಸ್ವಿಚ್‌ಗಳು ಆಕ್ಸೆಸ್ ಸ್ತರ. ಬಳಕೆದಾರರ ಕೇಬಲ್ ಬಂದು ಸೇರುವುದು ಇಲ್ಲಿಗೆ. ಪ್ರತಿ ಕಟ್ಟಡದಲ್ಲಿ ಎರಡು ಡಿಸ್ಟ್ರಿಬ್ಯೂಷನ್ ಸ್ವಿಚ್‌ಗಳಿವೆ, ಪ್ರತಿ ಮಹಡಿಯಿಂದಲೂ ಎರಡಕ್ಕೂ ಒಂದೊಂದು ಫೈಬರ್ ಬರುತ್ತದೆ. ಮಹಡಿಯ ವಿಲ್ಯಾನ್ ಆ ಮಹಡಿಯಿಂದ ಹೊರಟು ಡಿಸ್ಟ್ರಿಬ್ಯೂಷನ್ನಿಗೆ ಬಂದು ಅಲ್ಲಿಗೇ ಮುಗಿಯುತ್ತದೆ. ಬೇರೆ ಮಹಡಿಗೂ ಹೋಗುವುದಿಲ್ಲ, ಬೇರೆ ಕಟ್ಟಡಕ್ಕೂ ಹೋಗುವುದಿಲ್ಲ. ಬಳಕೆದಾರರ ಗೇಟ್‌ವೇ ವಿಳಾಸ ಇರುವುದೂ ಅಲ್ಲೇ. ಅಲ್ಲಿಂದ ಮೇಲಕ್ಕೆ ಎಲ್ಲವೂ ರೌಟಿಂಗ್. ಎರಡು ಕೋರ್ ಸ್ವಿಚ್‌ಗಳು ಎಂಟು ಕಟ್ಟಡಗಳನ್ನು ಸೇರಿಸುತ್ತವೆ, ಅವುಗಳಲ್ಲಿ ಬಳಕೆದಾರರ ವಿಲ್ಯಾನ್ ಒಂದೂ ಇರುವುದಿಲ್ಲ.

ಕೋರ್ ಏಕೆ ಬೇಕು, ಕಟ್ಟಡಗಳನ್ನು ನೇರವಾಗಿ ಬೆಸೆಯಬಾರದೇ ಎಂದರೆ ಲಿಂಕುಗಳನ್ನು ಎಣಿಸಿ ನೋಡಬೇಕು. ಎಂಟು ಕಟ್ಟಡಗಳಲ್ಲಿ 28 ಜೋಡಿಗಳಿವೆ, ಪ್ರತಿ ಜೋಡಿಯ ನಡುವೆ ನಾಲ್ಕು ಲಿಂಕ್ ಬೇಕು, ಒಟ್ಟು 112. ಕೋರ್ ಇದ್ದರೆ ಹದಿನಾರು ಡಿಸ್ಟ್ರಿಬ್ಯೂಷನ್ ಸ್ವಿಚ್‌ಗಳಿಗೆ ಎರಡೆರಡರಂತೆ 32 ಸಾಕು. ಒಂಬತ್ತನೇ ಕಟ್ಟಡ ಬಂದಾಗ ಮೊದಲ ವಿಧಾನದಲ್ಲಿ ಹೊಸದಾಗಿ 32 ಲಿಂಕ್ ಎಳೆದು ಹಳೆಯ ಎಂಟೂ ಕಟ್ಟಡಗಳ ಸಂರಚನೆಯನ್ನು ಮುಟ್ಟಬೇಕು. ಎರಡನೆಯದರಲ್ಲಿ ನಾಲ್ಕು ಲಿಂಕ್ ಎಳೆದು ಕೋರನ್ನು ಮಾತ್ರ ಮುಟ್ಟಿದರೆ ಸಾಕು. ಕೋರಿನ ಕೆಲಸ ಪ್ಯಾಕೆಟ್ಟನ್ನು ಬೇಗ ದಾಟಿಸುವುದಷ್ಟೇ ಆಗಿರಬೇಕು. ಅನುಮತಿಯ ಪಟ್ಟಿ, ಫಿಲ್ಟರ್, ಗೇಟ್‌ವೇ ಎಲ್ಲವೂ ಕೆಳಗಿರಲಿ. ಪ್ರತಿ ವಾರ ಬದಲಿಸಬೇಕಾದದ್ದೇನಾದರೂ ಕೋರಿನಲ್ಲಿದ್ದರೆ ಅದು ತಪ್ಪು ಜಾಗದಲ್ಲಿದೆ.

ಹಳೆಯ ಅಪಘಾತವನ್ನೇ ಈ ಹೊಸ ಜಾಲದಲ್ಲಿ ಮತ್ತೆ ನಡೆಸಿ ನೋಡೋಣ. ಮೂರನೇ ಕಟ್ಟಡದ ಎರಡನೇ ಮಹಡಿಯ ಸಭಾಕೊಠಡಿಯಲ್ಲಿ ಪುಟ್ಟ ಸ್ವಿಚ್ಚೊಂದರಲ್ಲಿ ಲೂಪ್ ಆಗಿದೆ. ಬಳಕೆದಾರರ ಪೋರ್ಟುಗಳ ಮೇಲೆ ನಾವು ಮೊದಲೇ ಹೀಗೆ ಬರೆದಿದ್ದೇವೆ:

```
interface range GigabitEthernet1/0/1 - 48
 spanning-tree portfast
 spanning-tree bpduguard enable
 storm-control broadcast level 1.00
 storm-control action shutdown
```

ಆಕ್ಸೆಸ್ ಸ್ವಿಚ್ ಕಳಿಸಿದ ಬಿಪಿಡಿಯು, ಅಂದರೆ ಸ್ಪ್ಯಾನಿಂಗ್ ಟ್ರೀಯ ಸಂದೇಶ, ಆ ಲೂಪಿನಲ್ಲಿ ಸುತ್ತಿ ಅದೇ ಪೋರ್ಟಿಗೆ ಮರಳುತ್ತದೆ, ಬಿಪಿಡಿಯು ಗಾರ್ಡ್ ಪೋರ್ಟನ್ನು ಮುಚ್ಚುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಕೆಲವು ಪುಟ್ಟ ಸ್ವಿಚ್‌ಗಳು ಬಿಪಿಡಿಯುವನ್ನು ಮುಂದೆ ದಾಟಿಸದೆ ನುಂಗಿಬಿಡುತ್ತವೆ, ಆಗ ಗಾರ್ಡಿಗೆ ಏನೂ ಕಾಣುವುದಿಲ್ಲ. ಅಂಥ ಸಂದರ್ಭಕ್ಕೆ ಎರಡನೆಯ ಕಾವಲು ಸ್ಟಾರ್ಮ್ ಕಂಟ್ರೋಲ್: ಬ್ರಾಡ್‌ಕಾಸ್ಟ್ ಆ ಪೋರ್ಟಿನ ಸಾಮರ್ಥ್ಯದ ಶೇಕಡಾ ಒಂದನ್ನು ಮೀರಿದರೆ ಪೋರ್ಟ್ ಮುಚ್ಚುತ್ತದೆ. ಎರಡೂ ಬರೆದಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗ ಆ ಮಹಡಿಯ ಜನರಿಗೆ ಜಾಲ ಇಲ್ಲವಾಗುತ್ತದೆ. ಆ ಕಟ್ಟಡದ ಡಿಸ್ಟ್ರಿಬ್ಯೂಷನ್ ಸ್ವಿಚ್‌ಗಳೂ ಏದುಸಿರು ಬಿಡಬಹುದು, ಏಕೆಂದರೆ ಗೇಟ್‌ವೇ ಆಗಿ ಅವು ಪ್ರತಿ ಎಆರ್‌ಪಿಯನ್ನೂ ತಮ್ಮ ಸಿಪಿಯುಗೆ ಒಯ್ಯಬೇಕು. ಆದ್ದರಿಂದಲೇ ಸಿಪಿಯುಗೆ ಹೋಗುವ ಸಂಚಾರಕ್ಕೊಂದು ಮಿತಿ ಹಾಕಿಡುವುದು ಅಗತ್ಯ. ಆದರೆ ರೌಟಿಂಗ್ ಗಡಿಯನ್ನು ಒಂದು ಬ್ರಾಡ್‌ಕಾಸ್ಟ್ ಫ್ರೇಮೂ ದಾಟುವುದಿಲ್ಲ. ಉಳಿದ ಏಳು ಕಟ್ಟಡಗಳಿಗೆ ಏನಾಯಿತೆಂಬುದೇ ತಿಳಿಯುವುದಿಲ್ಲ.

ದೋಷವನ್ನು ಹುಡುಕುವ ಶ್ರಮದಲ್ಲೂ ಅಷ್ಟೇ ವ್ಯತ್ಯಾಸವಿದೆ. ಲೂಪ್ ಇದ್ದಾಗ ಸ್ವಿಚ್ಚಿನ ಲಾಗಿನಲ್ಲಿ ಇಂಥ ಸಾಲುಗಳು ಬೀಳುತ್ತವೆ:

```
%SW_MATM-4-MACFLAP_NOTIF: Host 001b.d4a1.0c22 in vlan 32
is flapping between port Gi1/0/17 and port Gi1/0/49
```

ಒಂದೇ ಯಂತ್ರ ಈಗ ಈ ಪೋರ್ಟಿನಲ್ಲಿ, ಮರುಕ್ಷಣ ಆ ಪೋರ್ಟಿನಲ್ಲಿ ಕಾಣುತ್ತಿದೆ ಎಂದು ಇದರ ಅರ್ಥ. ಫ್ಲ್ಯಾಟ್ ನೆಟ್‌ವರ್ಕಿನಲ್ಲಿ ಈ ಸಾಲು ಎಲ್ಲ ಕಟ್ಟಡಗಳ ಎಲ್ಲ ಸ್ವಿಚ್‌ಗಳಲ್ಲೂ ಒಟ್ಟಿಗೆ ಕಾಣಿಸಿಕೊಳ್ಳಬಹುದು, ಅಷ್ಟೊತ್ತಿಗೆ ಸ್ವಿಚ್‌ಗೆ ಲಾಗಿನ್ ಆಗುವುದೂ ಸಾಧ್ಯವಿರುವುದಿಲ್ಲ, ಏಕೆಂದರೆ ನಿರ್ವಹಣೆಯ ವಿಳಾಸವೂ ಅದೇ ಡೊಮೇನಿನಲ್ಲಿರುತ್ತದೆ. ಒಬ್ಬರು ಟಾರ್ಚ್ ಹಿಡಿದು ಕೋಣೆಯಿಂದ ಕೋಣೆಗೆ ಓಡಿ ಫೈಬರ್ ಕಿತ್ತು ನೋಡಬೇಕು. ಸ್ತರಗಳಿರುವ ಜಾಲದಲ್ಲಿ 32ನೇ ವಿಲ್ಯಾನ್ ಎಂದೊಡನೆ ಕಟ್ಟಡವೂ ಮಹಡಿಯೂ ಗೊತ್ತಾಯಿತು; ಮೇಲಿನ ಸಾಲಿನಲ್ಲಿ ಹದಿನೇಳನೇ ಪೋರ್ಟಿನ ಹೆಸರೂ ಇದೆ.

ರೌಟಿಂಗಿನ ಗಡಿ ಹಾಕಿದ ಮೇಲೆ ಬರುವ ಒಂದು ತೊಡಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಅದನ್ನು ಹಲವರು ಎದುರಿಸುತ್ತಾರೆ, ಕಾರಣ ಮಾತ್ರ ಬೇಗ ಸಿಗುವುದಿಲ್ಲ. ಮೂರನೇ ಕಟ್ಟಡಕ್ಕೆ 10.20.48.0/20 ಎಂಬ ಒಂದು ದೊಡ್ಡ ತುಂಡನ್ನು ಕೊಟ್ಟು, ಮಹಡಿಗಳಿಗೆ ಅದರೊಳಗಿನಿಂದ 10.20.49.0/24 ಮುಂತಾದ ಸಣ್ಣ ತುಂಡುಗಳನ್ನು ಹಂಚುತ್ತೇವೆ. ರೌಟಿಂಗ್ ಪ್ರೋಟೊಕಾಲ್ ಆದ ಓಎಸ್‌ಪಿಎಫ್‌ನಲ್ಲಿ ಕಟ್ಟಡವನ್ನು ಪ್ರತ್ಯೇಕ ಏರಿಯಾ ಮಾಡಿ, ಡಿಸ್ಟ್ರಿಬ್ಯೂಷನ್ ಸ್ವಿಚ್‌ಗಳು ಕೋರಿಗೆ ಇಡೀ ಕಟ್ಟಡವನ್ನು ಒಂದೇ ಸಾಲಿನಲ್ಲಿ ಹೇಳುವಂತೆ ಮಾಡುತ್ತೇವೆ:

```
router ospf 1
 area 3 range 10.20.48.0 255.255.240.0
```

ಇದರಿಂದ ಮಹಡಿಯ ಲಿಂಕೊಂದು ಎದ್ದುಬಿದ್ದರೂ ಕೋರಿಗೆ ಅದರ ಸದ್ದು ತಟ್ಟುವುದಿಲ್ಲ. ಒಳ್ಳೆಯದೇ. ಆದರೆ ಈ ಸದ್ದಿಲ್ಲದಿರುವಿಕೆಯೇ ಮುಳುವಾಗುವ ಸಂದರ್ಭವೂ ಇದೆ. ಎರಡನೇ ಮಹಡಿಯಿಂದ ಮೊದಲ ಡಿಸ್ಟ್ರಿಬ್ಯೂಷನ್ ಸ್ವಿಚ್‌ಗೆ ಬರುವ ಫೈಬರ್ ತುಂಡಾಯಿತೆನ್ನಿ. ಆ ಸ್ವಿಚ್‌ನಲ್ಲಿ 10.20.49.0/24 ಇಲ್ಲವಾಗುತ್ತದೆ, ಆದರೆ ಉಳಿದ ಮಹಡಿಗಳು ಜೀವಂತವಾಗಿರುವುದರಿಂದ ಇಡೀ /20 ತನ್ನಲ್ಲಿದೆ ಎಂದು ಅದು ಕೋರಿಗೆ ಹೇಳುತ್ತಲೇ ಇರುತ್ತದೆ. ಕೋರ್ ಅದನ್ನು ನಂಬಿ, ಎರಡೂ ದಾರಿಗಳು ಸಮವೆಂದು ತಿಳಿದು, ಹರಿವುಗಳಲ್ಲಿ ಸರಿಸುಮಾರು ಅರ್ಧದಷ್ಟನ್ನು ಅತ್ತ ಕಳಿಸುತ್ತದೆ. ಅಲ್ಲಿಗೆ ಬಂದ ಪ್ಯಾಕೆಟ್ಟುಗಳಿಗೆ ಮುಂದೆ ದಾರಿಯಿಲ್ಲ, ಅಲ್ಲೇ ಬಿದ್ದುಹೋಗುತ್ತವೆ.

ಬಳಕೆದಾರರ ಕಡೆಯಿಂದ ಇದರ ಲಕ್ಷಣ ವಿಚಿತ್ರ: ಒಂದು ಸರ್ವರ್ ತೆರೆಯುತ್ತದೆ, ಇನ್ನೊಂದು ತೆರೆಯುವುದಿಲ್ಲ, ಪಕ್ಕದ ಮೇಜಿನವರಿಗೆ ತದ್ವಿರುದ್ಧ. ಅದೇ ಕಟ್ಟಡದ ಇತರ ಮಹಡಿಗಳಲ್ಲಿ ಯಾವ ದೂರೂ ಇರುವುದಿಲ್ಲ. ಇಂಥ ದೂರು ಬಂದಾಗ ನಾನು ಮೊದಲು ನೋಡುವುದು ಎರಡೂ ಡಿಸ್ಟ್ರಿಬ್ಯೂಷನ್ ಸ್ವಿಚ್‌ಗಳಲ್ಲಿ `show ip route 10.20.49.0` ಏನು ಹೇಳುತ್ತದೆ ಎಂಬುದನ್ನು. ಒಂದರಲ್ಲಿ ಮಹಡಿಯ ಸಬ್‌ನೆಟ್ ಕಂಡು, ಇನ್ನೊಂದರಲ್ಲಿ ಕೇವಲ ಪ್ಯಾಕೆಟ್ಟನ್ನು ಬಿಸಾಡುವ `Null0` ಕಡೆಗೆ ತೋರಿಸುವ /20 ಕಂಡರೆ ಕಾರಣ ಸಿಕ್ಕಂತೆಯೇ. ಪರಿಹಾರವೆಂದರೆ ಎರಡು ಡಿಸ್ಟ್ರಿಬ್ಯೂಷನ್ ಸ್ವಿಚ್‌ಗಳ ನಡುವೆ ಒಂದು ರೌಟೆಡ್ ಲಿಂಕ್ ಇರಬೇಕು, ಆ ಲಿಂಕ್ ಕಟ್ಟಡದ ಏರಿಯಾದಲ್ಲೇ ಇರಬೇಕು. ಅದನ್ನು ಕೋರಿನ ಏರಿಯಾ 0ಕ್ಕೆ ಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ಆ ಗಡಿಯಾಚೆಗೆ ಪಕ್ಕದ ಸ್ವಿಚ್ ಕೂಡ ಸಾರಾಂಶವನ್ನೇ ಹೇಳುತ್ತದೆ, ಮಹಡಿಯ ವಿವರವನ್ನು ಹೇಳುವುದಿಲ್ಲ. ಫೈಬರ್ ಉಳಿಸಲೆಂದು ಈ ಒಂದು ಲಿಂಕನ್ನು ಕೈಬಿಡುವುದು ಖಂಡಿತ ಬೇಡ.

ಎಲ್ಲ ಕಡೆಯೂ ಮೂರು ಸ್ತರ ಬೇಕೇ? ಬೇಕಿಲ್ಲ. ಕಟ್ಟಡಗಳು ಎರಡೋ ಮೂರೋ ಇದ್ದು, ಎಲ್ಲ ಮಹಡಿಗಳ ಫೈಬರುಗಳೂ ಒಂದೇ ಕೋಣೆಗೆ ಬರುವುದಾದರೆ ಕೋರ್ ಮತ್ತು ಡಿಸ್ಟ್ರಿಬ್ಯೂಷನ್ ಎರಡನ್ನೂ ಒಂದೇ ಜೋಡಿ ಸ್ವಿಚ್‌ಗಳಲ್ಲಿ ಕೂಡಿಸಬಹುದು. ಇದನ್ನು ಕೊಲ್ಯಾಪ್ಸ್ಡ್ ಕೋರ್ ಎನ್ನುತ್ತಾರೆ. ಆಗಲೂ ಮಹಡಿಯ ವಿಲ್ಯಾನ್ ಮಹಡಿಗೇ ಸೀಮಿತವಾಗಿರಬೇಕೆಂಬ ನಿಯಮ ಬದಲಾಗುವುದಿಲ್ಲ. ಪೆಟ್ಟಿಗೆಗಳ ಸಂಖ್ಯೆಯಲ್ಲಿ ರಾಜಿ ಮಾಡಿಕೊಳ್ಳಬಹುದು, ಗಡಿಯ ವಿಷಯದಲ್ಲಿ ಬೇಡ.

ಗಡಿ ಹಾಕಿದರೆ ಕೆಲವು ಅನುಕೂಲಗಳು ಹೋಗುತ್ತವೆ ಎಂಬುದೂ ನಿಜ. ಡಿಎಚ್‌ಸಿಪಿಯ ಬ್ರಾಡ್‌ಕಾಸ್ಟ್ ಗಡಿ ದಾಟದ ಕಾರಣ ಪ್ರತಿ ಗೇಟ್‌ವೇಯಲ್ಲೂ `ip helper-address` ಬರೆದು ಅದನ್ನು ಸರ್ವರಿಗೆ ತಲುಪಿಸಬೇಕು. ಪ್ರಿಂಟರನ್ನು ತಾನಾಗಿ ಹುಡುಕುವ ಎಂಡಿಎನ್‌ಎಸ್ ತನ್ನ ಸಬ್‌ನೆಟ್ಟಿನಾಚೆಗೆ ಕೇಳಿಸುವುದಿಲ್ಲ, ಬೇಕಾದರೆ ಅದಕ್ಕೆ ಪ್ರತ್ಯೇಕ ಗೇಟ್‌ವೇ ಇಡಬೇಕು. ವೈಫೈ ಬಳಕೆದಾರರು ಕಟ್ಟಡದಿಂದ ಕಟ್ಟಡಕ್ಕೆ ನಡೆಯುವಾಗ ಐಪಿ ಬದಲಾಗಬಾರದೆಂದರೆ ಆಕ್ಸೆಸ್ ಪಾಯಿಂಟಿನಿಂದ ಕಂಟ್ರೋಲರಿಗೆ ಟನೆಲ್ ಕಟ್ಟಬೇಕು. ಒಂದೇ ಲೇಯರ್ 2 ಎಲ್ಲೆಡೆ ಇರಲಿ ಎಂಬ ಬೇಡಿಕೆ ಬಹುಪಾಲು ಇವುಗಳಿಂದಲೇ ಹುಟ್ಟುತ್ತದೆ. ಪ್ರತಿಯೊಂದಕ್ಕೂ ಅದರದೇ ಪರಿಹಾರವಿದೆ, ಇವುಗಳಿಗಾಗಿ ವಿಲ್ಯಾನನ್ನು ಕೋರ್ ದಾಟಿಸುವ ಅಗತ್ಯವಿಲ್ಲ.

ಫ್ಲ್ಯಾಟ್ ಆಗಿರುವ ಜಾಲವನ್ನು ಒಂದೇ ರಾತ್ರಿ ಬದಲಿಸಲಾಗುವುದಿಲ್ಲ. ನಾನು ಹೇಳುವ ಕ್ರಮ ಇದು: ಮೊದಲು ಬೇರು ಸ್ವಿಚ್ಚನ್ನು ಆದ್ಯತೆ ಬರೆದು ನಿಗದಿಪಡಿಸಿ, ಬಳಕೆದಾರರ ಪೋರ್ಟುಗಳಿಗೆಲ್ಲ ಗಾರ್ಡ್ ಮತ್ತು ಸ್ಟಾರ್ಮ್ ಕಂಟ್ರೋಲ್ ಹಾಕಿ, ಇದಕ್ಕೆ ಯಾರ ವಿಳಾಸವೂ ಬದಲಾಗಬೇಕಿಲ್ಲ. ಆಮೇಲೆ ಕೋರ್ ಮತ್ತು ಡಿಸ್ಟ್ರಿಬ್ಯೂಷನ್ನುಗಳ ನಡುವೆ ರೌಟೆಡ್ ಲಿಂಕುಗಳನ್ನು ಹಳೆಯ ಟ್ರಂಕುಗಳ ಪಕ್ಕದಲ್ಲೇ ಎಬ್ಬಿಸಿ, ಒಂದೊಂದೇ ಮಹಡಿಯನ್ನು ಹೊಸ ಸಬ್‌ನೆಟ್ಟಿಗೆ ಸರಿಸಿ. ಕಂಪ್ಯೂಟರುಗಳು ಡಿಎಚ್‌ಸಿಪಿಯಿಂದ ತಾವೇ ಸರಿಯುತ್ತವೆ. ತಡೆಯುವುದು ಕೈಯಿಂದ ಐಪಿ ಬರೆದಿಟ್ಟ ಪ್ರಿಂಟರುಗಳು, ಹಾಜರಿ ಯಂತ್ರಗಳು, ಕ್ಯಾಮೆರಾಗಳು. ಯೋಜನೆಯ ಅರ್ಧ ಸಮಯ ಅವುಗಳ ಪಟ್ಟಿ ಮಾಡುವುದಕ್ಕೇ ಹೋಗುತ್ತದೆಂದು ಮೊದಲೇ ತಿಳಿದಿರಲಿ. ಒಂದು ಮಹಡಿ ಪೂರ್ತಿ ಸರಿದ ಮೇಲೆ ಹಳೆಯ ವಿಲ್ಯಾನಿನಲ್ಲಿ ಆ ಕಡೆಯ ಯಾವ ಮ್ಯಾಕ್ ವಿಳಾಸವೂ ಉಳಿದಿಲ್ಲವೆಂಬುದನ್ನು `show mac address-table vlan 1` ಕೊಟ್ಟು ಒಂದೆರಡು ದಿನ ಗಮನಿಸಿ, ಆಮೇಲಷ್ಟೇ ಆ ಟ್ರಂಕಿನಿಂದ ಅದನ್ನು ತೆಗೆಯಿರಿ. ವಾರಕ್ಕೊಮ್ಮೆ ಮಾತ್ರ ಎಚ್ಚರಗೊಳ್ಳುವ ಸಾಧನಗಳೂ ಇರುವುದರಿಂದ, ತೆಗೆದ ಮೇಲೆ ಕನಿಷ್ಠ ಎರಡು ವಾರ ಹಳೆಯ ಸಂರಚನೆಯ ಪ್ರತಿ ಕೈಗೆಟಕುವಂತಿರಲಿ.